ಪ್ರೀತಿ ಅವರದು, ರಜೆಚೀಟಿಯ ಸಹಿ ಯಾರದು?

ಪ್ರಶ್ನೆ: ಹಾರಂಗಿ ಜಲಾಶಯದ ಹತ್ತಿರ ನಮ್ಮದೊಂದು ರೆಸಾರ್ಟ್ ಇದೆ. ಮ್ಯಾನೇಜರಿಗೂ ಅವರ ಕೈಕೆಳಗಿನ ರಿಸೆಪ್ಷನಿಸ್ಟಿಗೂ ಪ್ರೀತಿಯಾದರೆ ತಿಳಿಸಲೇಬೇಕೆಂದು ನಿಯಮ ಬರೆಯಬಹುದೆ?

ಉತ್ತರ: ಬರೆಯಬಹುದು. 2013ರ ಮೇ ತಿಂಗಳಲ್ಲಿ ಐಗೇಟ್ ಕಂಪನಿ ತನ್ನ ಮುಖ್ಯಸ್ಥ ಫಣೀಶ್ ಮೂರ್ತಿ ಅವರನ್ನು ತೆಗೆದುಹಾಕಿತು. ಕೈಕೆಳಗಿನ ಉದ್ಯೋಗಿಯೊಂದಿಗಿನ ಸಂಬಂಧವನ್ನು ತಿಳಿಸಲಿಲ್ಲ ಎಂಬುದು ಅದು ಕೊಟ್ಟ ಕಾರಣ. ಕಿರುಕುಳದ ನಿಯಮ ಮುರಿದದ್ದು ತನಿಖೆಯಲ್ಲಿ ಕಂಡಿಲ್ಲ ಎಂದೂ ಅದೇ ಹೇಳಿತು. ಅಂದರೆ ತಪ್ಪೆಂದು ಎಣಿಸಿದ್ದು ಮುಚ್ಚಿಟ್ಟದ್ದನ್ನು.

ನಿಮ್ಮಲ್ಲಿ ಹೀಗೆ ಬರೆಯಿರಿ: “ತನ್ನ ಕೈಕೆಳಗಿನವರೊಂದಿಗೆ ಪ್ರೇಮಸಂಬಂಧ ಶುರುವಾದರೆ, ಮೇಲಿನ ಹುದ್ದೆಯವರು ಏಳು ದಿನದೊಳಗೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸತಕ್ಕದ್ದು. ಹೆಸರು, ಹುದ್ದೆ ಸಾಕು. ಬೇರೆ ವಿವರ ಕೇಳತಕ್ಕದ್ದಲ್ಲ. ಅಂದಿನಿಂದ ಆ ಉದ್ಯೋಗಿಯ ರಜೆ, ಪಾಳಿ, ಸಂಬಳ ಏರಿಕೆಯನ್ನು ಅವರು ತೀರ್ಮಾನಿಸತಕ್ಕದ್ದಲ್ಲ.” ಏಳು ದಿನ ನನ್ನ ಲೆಕ್ಕ, ಕಾನೂನಿನದಲ್ಲ.

ಹೊಣೆ ಮೇಲಿನವರದೇ ಇರಲಿ. ಸಾಮಾನ್ಯವಾಗಿ ಆಗುವ ಎಡವಟ್ಟೆಂದರೆ, ರಿಸೆಪ್ಷನ್ ಹುಡುಗಿಯನ್ನು ಅಡುಗೆಮನೆಯ ಸ್ಟೋರಿಗೆ ಹಾಕಿ ಕೈತೊಳೆದುಕೊಳ್ಳುವುದು. ಅದು ಶಿಕ್ಷೆಯೇ. ಚಿಕ್ಕ ಜಾಗದಲ್ಲಿ ಇನ್ನೊಬ್ಬ ಮ್ಯಾನೇಜರ್ ಎಲ್ಲಿಂದ ಬರಬೇಕು? ಆಕೆಯ ರಜೆಚೀಟಿಗೆ ಮಾಲೀಕರಾದ ನೀವೇ ಸಹಿ ಹಾಕಿ. ದಸರಾ ರಜೆಯ ಜನಜಂಗುಳಿಯಲ್ಲಿ ರಾತ್ರಿ ಪಾಳಿ ಯಾರಿಗೆ ಬಿತ್ತು ಎಂದು ನೋಡಿದರೆ ನಿಯಮ ನಡೆಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಇನ್ನೊಂದು ಸಾಲು ಬಿಡಬೇಡಿ: “ಸಂಬಂಧ ತಿಳಿಸಿದ್ದರೂ ಲೈಂಗಿಕ ಕಿರುಕುಳದ ದೂರು ಕೊಡುವ ಹಕ್ಕು ಹೋಗುವುದಿಲ್ಲ.”