ಪಂಪು ಚಾಲೂ ಆದಾಗ ವೋಲ್ಟೇಜ್ ಎಷ್ಟು ಕುಸಿಯುತ್ತದೆ?

ಡಿಒಎಲ್ ಸ್ಟಾರ್ಟರಿನ ಗುಂಡಿ ಒತ್ತಿದೊಡನೆ ಪೂರ್ಣ ವೋಲ್ಟೇಜ್ ನೇರವಾಗಿ ಮೋಟರಿಗೆ ಸಿಗುತ್ತದೆ. ನಿಂತ ಮೋಟರು ಆ ಕ್ಷಣ ತನ್ನ ಸಾಮಾನ್ಯ ಕರೆಂಟಿನ ಸುಮಾರು ಆರು ಪಟ್ಟು ಎಳೆಯುತ್ತದೆ. ಈ ಕರೆಂಟು ಟ್ರಾನ್ಸ್‌ಫಾರ್ಮರ್ ಮತ್ತು ತಂತಿಗಳ ಮೂಲಕವೇ ಹರಿಯಬೇಕಾದ್ದರಿಂದ ಅವು ಒಡ್ಡುವ ತಡೆಯಲ್ಲಿ ಒಂದಿಷ್ಟು ವೋಲ್ಟೇಜ್ ಕಳೆದುಹೋಗುತ್ತದೆ.

25 ಕೆವಿಎ ಟ್ರಾನ್ಸ್‌ಫಾರ್ಮರಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿ 10 ಎಚ್‌ಪಿ ಪಂಪು ಇದೆ ಎನ್ನೋಣ. ಅದರ ಸಾಮಾನ್ಯ ಕರೆಂಟು 14.5 ಆಂಪಿಯರ್, ಆರಂಭದ್ದು 87. ಒಂದು ಫೇಸಿನ 240 ವೋಲ್ಟನ್ನು 87ರಿಂದ ಭಾಗಿಸಿದರೆ ಆರಂಭದಲ್ಲಿ ಮೋಟರಿನ ತಡೆ 2.76 ಓಮ್. ಟ್ರಾನ್ಸ್‌ಫಾರ್ಮರಿನ ಫಲಕದಲ್ಲಿ ಇಂಪಿಡೆನ್ಸ್ ಶೇ 4.5 ಎಂದಿದ್ದರೆ ಅದು 433 ವೋಲ್ಟ್ ಬದಿಯಲ್ಲಿ 0.34 ಓಮ್ ಆಗುತ್ತದೆ. ತೆಳು ಅಲ್ಯೂಮಿನಿಯಂ ತಂತಿಯದು ಸುಮಾರು 0.5 ಓಮ್. ದಾರಿಯ 0.84 ಓಮನ್ನು ಒಟ್ಟು 3.60ರಿಂದ ಭಾಗಿಸಿದರೆ ಕುಸಿತ ಶೇ 23. ತಂತಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಉತ್ತರ ಶೇ 11 ಮಾತ್ರ. ಹೆಚ್ಚಿನವರು ಎಡವುವುದು ಇಲ್ಲೇ, ದೂಷಣೆಯೆಲ್ಲ ಟ್ರಾನ್ಸ್‌ಫಾರ್ಮರಿನ ಮೇಲೆ.

ತಡೆಗಳನ್ನು ಹೀಗೆ ನೇರವಾಗಿ ಕೂಡಿಸಿದಾಗ ಕುಸಿತ ತುಸು ಹೆಚ್ಚಾಗಿಯೇ ಕಾಣುತ್ತದೆ. ಆದರೆ 11 ಕೆವಿ ಲೈನಿನ ನಷ್ಟವಾಗಲಿ, ಆಗಲೇ ಓಡುತ್ತಿರುವ ಪಂಪುಗಳ ಹೊರೆಯಾಗಲಿ ಇದರಲ್ಲಿ ಸೇರಿಲ್ಲ.

ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಶೇ 77 ವೋಲ್ಟೇಜಿನಲ್ಲಿ ಉಳಿಯುವುದು ಸುಮಾರು ಶೇ 59 ಬಲ. ಪಂಪು ಗುನುಗುತ್ತ ನಿಧಾನವಾಗಿ ವೇಗ ಹಿಡಿದರೆ, ಸ್ಟಾರ್ಟರಿನ ಕಾಂಟ್ಯಾಕ್ಟರು ಕಟಕಟ ಸದ್ದು ಮಾಡುತ್ತ ಬಿಟ್ಟು ಹಿಡಿದರೆ, ಮೋಟರಿನ ತುದಿಯಲ್ಲೇ ವೋಲ್ಟೇಜ್ ಅಳೆಯಬೇಕು.