ಇಟಗಿಯ ಮಹಾದೇವಾಲಯ: ರೂಪವಿವೇಚನೆ

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿರುವ ಮಹಾದೇವ ದೇವಾಲಯವು ಕ್ರಿ.ಶ. 1112ರಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನಿಂದ ನಿರ್ಮಿತವಾಯಿತು. ಇಲ್ಲಿಯ ಶಾಸನವು ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಆ ಬಿರುದು ಕೇವಲ ಹೊಗಳಿಕೆಯೋ, ಕಟ್ಟಡದ ರೂಪದಲ್ಲಿಯೇ ಅದಕ್ಕೆ ಆಧಾರವುಂಟೋ ಎಂಬುದನ್ನು ಕಟ್ಟಡವನ್ನೇ ನೋಡಿ ನಿರ್ಣಯಿಸಬೇಕು.

ದೇವಾಲಯವು ಪೂರ್ವಾಭಿಮುಖವಾಗಿದೆ. ಪಶ್ಚಿಮದ ತುದಿಯಲ್ಲಿ ಗರ್ಭಗೃಹ, ಅದರ ಮುಂದೆ ಅಂತರಾಳ, ಅನಂತರ ಗೋಡೆಗಳಿಂದ ಸುತ್ತುವರಿದ ನವರಂಗ, ಕೊನೆಗೆ ಪೂರ್ವದಲ್ಲಿ ವಿಶಾಲವಾದ ತೆರೆದ ಮಂಟಪ, ಹೀಗೆ ಎಲ್ಲವೂ ಒಂದೇ ಸೂತ್ರದಲ್ಲಿ ಜೋಡಿಸಲ್ಪಟ್ಟಿವೆ. ಪಕ್ಕದಿಂದ ನೋಡಿದರೆ ಮಂಟಪವು ತಗ್ಗಾಗಿ, ನೆಲಕ್ಕೆ ಸಮನಾಗಿ ಹರಡಿದೆ. ಹಿಂದೆ ಶಿಖರವು ನೇರವಾಗಿ ಮೇಲೇಳುತ್ತದೆ. ಅಡ್ಡವಾಗಿ ಹರಡುವ ಗಾತ್ರವೂ ಊರ್ಧ್ವಮುಖವಾದ ಗಾತ್ರವೂ ಒಂದಕ್ಕೊಂದು ಎದುರಾಗಿ ನಿಂತು ಸಮತೂಕವನ್ನು ಸಾಧಿಸುತ್ತವೆ. ಶಿಖರದ ತುದಿಯ ಭಾಗವು ಇಂದು ಉಳಿದಿಲ್ಲ. ಆದುದರಿಂದ ಈಗ ಕಾಣುವ ಎತ್ತರವು ಮೂಲ ಶಿಲ್ಪಿಯ ಸಂಕಲ್ಪಕ್ಕಿಂತ ಕಡಿಮೆಯದು. ಸಮತೂಕವನ್ನು ಅಳೆಯುವವರು ಆ ಕೊರತೆಯನ್ನು ಮನಸ್ಸಿನಲ್ಲಿ ತುಂಬಿಕೊಳ್ಳಬೇಕು.

ಗರ್ಭಗೃಹದ ಹೊರಭಿತ್ತಿಯು ಸಮತಲವಾಗಿಲ್ಲ. ಮಧ್ಯಭಾಗವು ಹೆಚ್ಚಾಗಿಯೂ ಅಕ್ಕಪಕ್ಕದ ಭಾಗಗಳು ಕ್ರಮೇಣ ಕಡಿಮೆಯಾಗಿಯೂ ಮುಂಚಾಚಿವೆ; ನಡುನಡುವೆ ಕಿರಿದಾದ ಒಳಸರಿತಗಳಿವೆ. ಈ ಮುಂಚಾಚುಗಳು ಅಧಿಷ್ಠಾನದಲ್ಲಿ ಆರಂಭವಾಗಿ, ಭಿತ್ತಿಯನ್ನು ದಾಟಿ, ಶಿಖರದ ಅಂತಸ್ತುಗಳಲ್ಲಿಯೂ ಮುಂದುವರಿಯುತ್ತವೆ. ಶಿಖರವು ದ್ರಾವಿಡ ಸಂಪ್ರದಾಯದಂತೆ ಅಂತಸ್ತು ಅಂತಸ್ತಾಗಿ ಏರಿದರೂ ನಡುವಿನ ಮುಂಚಾಚು ಎಲ್ಲ ಅಂತಸ್ತುಗಳಲ್ಲಿ ಒಂದರ ಮೇಲೊಂದು ಬಂದು, ಉದ್ದನೆಯ ಪಟ್ಟಿಯಂತೆ ತೋರುತ್ತದೆ. ಹೀಗಾಗಿ ಅಡ್ಡಗೆರೆಗಳು ಕಣ್ಣನ್ನು ತಡೆದಷ್ಟೂ ಲಂಬಗೆರೆಗಳು ಅದನ್ನು ಮೇಲಕ್ಕೆ ಸೆಳೆಯುತ್ತವೆ. ಭಿತ್ತಿಯ ಲಯವೆಂದರೆ ಇದೇ: ಚಾಚು, ಒಳಸರಿತ, ಮತ್ತೆ ಚಾಚು.

ತೆರೆದ ಮಂಟಪದ ಲಯವು ಬೇರೆ ಬಗೆಯದು. ಇಲ್ಲಿ ಮೊದಲು 68 ಕಂಬಗಳಿದ್ದವು. ಅವುಗಳಲ್ಲಿ 26 ಮಾತ್ರ ನೆಲದಿಂದಲೇ ಎದ್ದು ಛಾವಣಿಯ ಭಾರವನ್ನು ಹೊರುತ್ತವೆ. ಉಳಿದವು ಗಿಡ್ಡ ಕಂಬಗಳು. ಸುತ್ತಲಿನ ಕಕ್ಷಾಸನದ ಮೇಲೆ ನಿಂತು, ಇಳಿಜಾರಾದ ಕಪೋತಕ್ಕೆ ಆಧಾರವಾಗಿವೆ. ಭಾರವು ಒಳಗಿನ ಎತ್ತರದ ಕಂಬಗಳಿಗೆ ಸೇರಿರುವುದರಿಂದ ಅಂಚಿನಲ್ಲಿ ಗೋಡೆಯ ಆವಶ್ಯಕತೆಯೇ ಇಲ್ಲವಾಯಿತು. ಮಂಟಪವು ತೆರೆದಿರಲು ಸಾಧ್ಯವಾದುದು ಈ ವಿಂಗಡಣೆಯಿಂದಲೇ. ಕಂಬಗಳೆಲ್ಲ ಒಂದೇ ಮಾದರಿಯವೂ ಅಲ್ಲ. ನಟ್ಟನಡುವಿನ ಅಂಕಣದ ನಾಲ್ಕು ಕಂಬಗಳೂ ಪ್ರವೇಶಸ್ಥಾನಗಳ ಕಂಬಗಳೂ ಒಂದು ಬಗೆಯವಾದರೆ, ಉಳಿದವು ಬೇರೆ ಬಗೆಯವು. ಎಲ್ಲಿ ಪ್ರವೇಶಿಸಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಕಂಬದ ರೂಪವೇ ಸೂಚಿಸುತ್ತದೆ.

ಇಂತಹ ಕೆಲಸಕ್ಕೆ ಶಿಲೆಯೇ ಅನುವು ಮಾಡಿಕೊಟ್ಟಿದೆ. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಬಳಸಿದ್ದು ಮರಳುಗಲ್ಲು. ಅದರ ಕಣಗಳು ದೊಡ್ಡವಾದುದರಿಂದ ಅತಿ ಸೂಕ್ಷ್ಮವಾದ ಕೆತ್ತನೆ ಅದರಲ್ಲಿ ನಿಲ್ಲದು. ಇಟಗಿಯದು ನುಣುಪಾದ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ತೆರೆದ ಮೇಲೆ ಗಡುಸಾಗುತ್ತದೆ. ಆದುದರಿಂದ ಕಂಬವನ್ನು ತಿರುಗಿಸಿ ಕಡೆಯುವುದೂ ಅದರ ಮೇಲೆ ತೀಕ್ಷ್ಣವಾದ ಅಂಚುಗಳನ್ನು ಮೂಡಿಸುವುದೂ ಸಾಧ್ಯವಾಯಿತು. ಆದರೆ ಈ ಗುಣವೇ ಮಿತಿಯೂ ಹೌದು: ತೆಳುವಾಗಿ ಚಾಚಿದ ಅಂಚು ಪೆಟ್ಟು ತಗುಲಿದರೆ ಸುಲಭವಾಗಿ ಮುರಿಯುತ್ತದೆ.

ಬೆಳಕಿನ ವಿನ್ಯಾಸದಲ್ಲಿ ಈ ಎಲ್ಲ ಅಂಗಗಳೂ ಒಂದಾಗುತ್ತವೆ. ತೆರೆದ ಮಂಟಪದಲ್ಲಿ ಬೆಳಕು ಮೂರು ದಿಕ್ಕುಗಳಿಂದ ಬರುತ್ತದೆಯಾದರೂ ಮುಂಚಾಚಿದ ಕಪೋತವು ನೆತ್ತಿಯ ಬಿಸಿಲನ್ನು ತಡೆಯುವುದರಿಂದ ಅದು ಓರೆಯಾಗಿ, ಮೆತ್ತಗೆ ಒಳಬೀಳುತ್ತದೆ. ಕಡೆದ ಕಂಬಗಳ ಬಳೆಬಳೆಯಾದ ಅಂಚುಗಳು ಆ ಓರೆಬೆಳಕಿನಲ್ಲಿ ಒಂದೊಂದಾಗಿ ಎದ್ದು ಕಾಣುತ್ತವೆ. ನವರಂಗಕ್ಕೆ ಬೆಳಕು ಬಾಗಿಲುಗಳಿಂದ ಮಾತ್ರ. ಅಂತರಾಳಕ್ಕೆ ಇನ್ನೂ ಕಡಿಮೆ. ಗರ್ಭಗೃಹಕ್ಕೆ ಎದುರಿನ ದ್ವಾರವೊಂದೇ ಗತಿ. ಹೊರಗೆ ಹಗಲಿದ್ದರೂ ಲಿಂಗದೆದುರು ದೀಪವೇ ಬೆಳಕು. ಮುಂದೆ ಸಾಗಿದಂತೆ ಅವಕಾಶವು ಕಿರಿದಾಗುತ್ತದೆ, ಕೆತ್ತನೆಯ ಬಹುತ್ವವು ಹಿಂದುಳಿಯುತ್ತದೆ, ದೃಷ್ಟಿಯು ಏಕಸ್ಥಾನದಲ್ಲಿ ನಿಲ್ಲುತ್ತದೆ.

ಹೊರಗೆ ಮೇಲಕ್ಕೆ, ಒಳಗೆ ಹಿಂದಕ್ಕೆ: ಈ ಎರಡು ಚಲನೆಗಳೂ ಕೊನೆಗೊಳ್ಳುವುದು ಗರ್ಭಗೃಹದಲ್ಲಿಯೇ. ಒಂದೇ ಕೇಂದ್ರಕ್ಕೆ ಎಲ್ಲ ಅಂಗಗಳೂ ಅಧೀನವಾಗಿರುವುದು ಚಕ್ರವರ್ತಿತ್ವದ ಲಕ್ಷಣವಾದರೆ, ಶಾಸನದ ಬಿರುದು ಕಲ್ಲಿನಲ್ಲಿಯೂ ಸಾರ್ಥಕವಾಗಿದೆ.