ಬಡ್ತಿಯ ಸಂದೇಶಕ್ಕೊಂದು ಕರಡು ತಿದ್ದುಪಡಿ

ತಾಲ್ಲೂಕು ಕಚೇರಿಯೊಂದರಲ್ಲಿ ಶಿರಸ್ತೇದಾರರಾಗಿರುವ ಗೆಳೆಯರೊಬ್ಬರು ಕಳೆದ ತಿಂಗಳು ಒಂದು ಸಂದೇಶ ಕಳಿಸಿ, ‘ಸ್ವಲ್ಪ ನೋಡಿಕೊಡಿ, ತಪ್ಪಿದ್ದರೆ ತಿದ್ದಿ’ ಎಂದರು. ಅವರ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿದ ದ್ವಿತೀಯ ದರ್ಜೆ ಸಹಾಯಕಿಗೆ ಪ್ರಥಮ ದರ್ಜೆಗೆ ಬಡ್ತಿ ಸಿಕ್ಕಿತ್ತು. ಆಕೆಗೆ ಕಳಿಸಬೇಕಾದ ಅಭಿನಂದನೆ ಅದು. ಕರಡು ತಿದ್ದುವುದೇ ನನ್ನ ಕಸುಬಾದ್ದರಿಂದ ಇಂಥವು ನನ್ನ ಬಳಿ ಆಗಾಗ ಬರುತ್ತವೆ. ಆದರೆ ಈ ಪುಟ್ಟ ಸಂದೇಶದಲ್ಲಿ, ನಾವೆಲ್ಲ ಬರೆಯುವಾಗ ಮಾಡುವ ಬಹುಪಾಲು ತಪ್ಪುಗಳು ಒಟ್ಟಿಗೇ ಇದ್ದವು. ಅವರ ಒಪ್ಪಿಗೆ ಪಡೆದು ಅದನ್ನು ಇದ್ದಂತೆಯೇ ಕೊಡುತ್ತಿದ್ದೇನೆ:

‘ತಾವುಗಳು ಪ್ರಥಮ ದರ್ಜೆ ಸಹಾಯಕರ ಹುದ್ಧೆಗೆ ಪದೋನ್ನತಿ ಹೊಂದಿರುವುದು ತುಂಬಾ ಸಂತೋಷವಾಯಿತು. ಇದು ನಿನ್ನ ಪ್ರತಿಭೆಗೆ ಸಂದ ಗೌರವ. ಇನ್ನು ಎತ್ತರದ ಹುದ್ಧೆಗಳು ತಮ್ಮನ್ನು ಹುಡುಕಿಕೊಂಡು ಬರಲಿ ಎಂದು ಹಾರ್ಧಿಕ ಶುಭಾಷಯಗಳನ್ನು ಕೋರುತ್ತೇನೆ. ನನ್ನ ಕೈಕೆಳಗೆ ಕಲಿತವರು ಯಾರೂ ಹಿಂದೆ ಬಿದ್ದಿಲ್ಲ. ಇನ್ನು ಮುಂದೆ ಜವಾಬ್ದಾರಿ ಜಾಸ್ತಿ, ಎಚ್ಚರಿಕೆಯಿಂದ ಕೆಲಸ ಮಾಡು. ಪಾರ್ಟಿ ಯಾವಾಗ?’

ಮೊದಲು ಕಾಗುಣಿತ. ‘ಶುಭಾಷಯ’ ಎಂಬ ಪದವೇ ಇಲ್ಲ. ಶುಭ ಮತ್ತು ಆಶಯ ಸೇರಿದರೆ ಶುಭಾಶಯ. ಮಾತಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಶ ಮತ್ತು ಷಗಳನ್ನು ಒಂದೇ ರೀತಿ ಉಚ್ಚರಿಸುತ್ತೇವೆ, ಭಾಷೆ, ಭಾಷಣಗಳ ‘ಭಾಷ’ ಕಣ್ಣಿಗೆ ರೂಢಿಯಾಗಿದೆ. ಹಾಗಾಗಿ ಕೈ ಆ ಕಡೆಗೇ ಹೋಗುತ್ತದೆ. ಹಾರ್ದಿಕ ಎಂಬುದು ಹೃದಯಕ್ಕೆ ಸೇರಿದ ಮಾತು. ಹೃದಯದಲ್ಲಿ ಮಹಾಪ್ರಾಣ ಇಲ್ಲ, ಇದರಲ್ಲೂ ಇರಬಾರದು. ಹುದ್ದೆಯಂತೂ ಉರ್ದುವಿನ ದಾರಿಯಿಂದ ಬಂದ ಪದ, ಅದಕ್ಕೂ ಮಹಾಪ್ರಾಣ ಬೇಕಿಲ್ಲ. ಹೊಟ್ಟೆ ಸೀಳಿದರೆ ಅಕ್ಷರಕ್ಕೆ ಗಾಂಭೀರ್ಯ ಬರುತ್ತದೆ ಎಂಬ ಭಾವನೆ ಹಲವರಲ್ಲಿದೆ. ‘ಅಭಿನಂಧನೆ’ ಹುಟ್ಟುವುದೂ ಹಾಗೆಯೇ.

‘ಇನ್ನು ಎತ್ತರದ’ ಎಂಬಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ. ಇನ್ನು ಎಂದರೆ ಇಲ್ಲಿಂದ ಮುಂದೆ, ಇನ್ನೂ ಎಂದರೆ ಮತ್ತಷ್ಟು. ಇಲ್ಲಿ ಬೇಕಾದದ್ದು ಇನ್ನೂ. ಎರಡು ಸಾಲು ಕೆಳಗೆ ‘ಇನ್ನು ಮುಂದೆ’ ಎಂದಿರುವುದು ಮಾತ್ರ ಸರಿಯಾಗಿಯೇ ಇದೆ.

ಕಾಗುಣಿತಕ್ಕಿಂತ ವಾಕ್ಯದ ತಪ್ಪು ದೊಡ್ಡದು. ‘ಪದೋನ್ನತಿ ಹೊಂದಿರುವುದು ತುಂಬಾ ಸಂತೋಷವಾಯಿತು’ ಎನ್ನುವಾಗ ಆದದ್ದು ಸಂತೋಷ. ಹಾಗಾದರೆ ‘ಹೊಂದಿರುವುದು’ ಯಾವ ಕ್ರಿಯಾಪದಕ್ಕೂ ಅಂಟದೆ ನಡುವೆ ನೇತಾಡುತ್ತದೆ. ‘ಬಡ್ತಿ ಸಿಕ್ಕಿದ್ದು ತಿಳಿದು ಸಂತೋಷವಾಯಿತು’ ಅಥವಾ ‘ಬಡ್ತಿ ಸಿಕ್ಕಿದ್ದು ಸಂತೋಷ ತಂದಿತು’ ಎಂದರೆ ಸರಿಹೋಗುತ್ತದೆ. ಪದೋನ್ನತಿ ತಪ್ಪಲ್ಲ. ಆದರೆ ಆದೇಶದ ಪ್ರತಿಯಲ್ಲಿ ಮುಂಬಡ್ತಿ ಎಂದಿರುತ್ತದೆ, ಕಚೇರಿಯ ಕಾರಿಡಾರಿನಲ್ಲಿ ಎಲ್ಲರೂ ಬಡ್ತಿ, ಪ್ರಮೋಷನ್ ಎನ್ನುತ್ತಾರೆ. ಆರು ವರ್ಷ ಎದುರು ಕುಳಿತವರಿಗೆ ಬರೆಯುವಾಗ ಬಡ್ತಿ ಸಾಕು.

ಇನ್ನು ಅಭಿನಂದನೆ ಮತ್ತು ಶುಭಾಶಯ. ಆಗಿಹೋದ ಒಳ್ಳೆಯದಕ್ಕೆ ಅಭಿನಂದನೆ, ಮುಂದೆ ಒಳ್ಳೆಯದಾಗಲಿ ಎಂಬುದಕ್ಕೆ ಶುಭಾಶಯ. ಬಡ್ತಿ ಆಗಿಹೋಗಿದೆ. ಆದರೂ ಇಡೀ ಸಂದೇಶದಲ್ಲಿ ಅಭಿನಂದನೆ ಎಂಬ ಮಾತೇ ಇಲ್ಲ. ಶುಭಾಶಯವನ್ನು ‘ಕೋರುವುದು’ ಕೂಡ ನನಗೆ ಒಪ್ಪಿಗೆಯಿಲ್ಲ. ಕೋರು ಎಂದರೆ ಬಯಸು, ಬೇಡು. ಶುಭ ಕೋರಬಹುದು, ಶುಭಾಶಯ ಹೇಳಬಹುದು. ಕೋರಿದ ಶುಭವೇ ಶುಭಾಶಯವಾಗಿರುವಾಗ ಅದನ್ನು ಮತ್ತೆ ಕೋರುವುದೇಕೆ? ರೂಢಿಯಲ್ಲಿದೆ ಎನ್ನುವವರಿದ್ದಾರೆ. ನಾನಂತೂ ತಿದ್ದುತ್ತೇನೆ.

ಇಷ್ಟನ್ನು ತಿದ್ದಿ ಕಳಿಸಿಬಿಡಬಹುದಿತ್ತು. ಮನಸ್ಸು ಬರಲಿಲ್ಲ. ವ್ಯಾಕರಣ ಸರಿಯಾದರೂ ಈ ಸಂದೇಶ ಆಕೆಯನ್ನು ಮುಟ್ಟುವುದಿಲ್ಲ ಎನ್ನಿಸಿತು.

‘ತಾವುಗಳು’ ಎಂದು ಶುರುವಾಗಿ ‘ನಿನ್ನ’ ಎಂದಾಗಿ, ‘ತಮ್ಮನ್ನು’ ಎಂದು ಮೇಲೇರಿ, ಕೊನೆಗೆ ‘ಕೆಲಸ ಮಾಡು’ ಎಂದು ಇಳಿಯುತ್ತದೆ. ತಾವು ಎಂಬುದೇ ಬಹುವಚನ, ಅದಕ್ಕೆ ‘ಗಳು’ ಬೇಕಿಲ್ಲ. ಅದು ಹಾಗಿರಲಿ, ದಿನವೂ ಆಕೆಯನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿದೆ. ‘ಹೆಸರು ಹಿಡಿದು, ನೀವು ಅಂತಲೇ’ ಎಂದರು. ಹಾಗಾದರೆ ಮೊದಲಿಂದ ಕೊನೆಯವರೆಗೆ ನೀವು ಎಂದೇ ಇರಲಿ. ಮಗಳ ಹಾಗೆ ನೀನು ಎಂದು ಕರೆಯುವ ರೂಢಿಯಿದ್ದರೆ ಅದನ್ನೇ ಬರೆಯುವುದೂ ಚೆಂದ. ದಿನವೂ ಆಡದ ‘ತಾವು’ ಕಿರಿಯರಿಗೆ ಗೌರವವಾಗಿ ಕೇಳಿಸುವುದಿಲ್ಲ, ದೂರ ನಿಲ್ಲಿಸಿದಂತೆ ಕೇಳಿಸುತ್ತದೆ.

‘ಪ್ರತಿಭೆಗೆ ಸಂದ ಗೌರವ’ ಎಂಬುದು ಆಕೆಗೂ ಸುಳ್ಳೆನಿಸುವ ಮಾತು. ಇಂಥ ಬಡ್ತಿಗಳಲ್ಲಿ ಜ್ಯೇಷ್ಠತಾ ಪಟ್ಟಿಯ ಕ್ರಮಸಂಖ್ಯೆ, ಇಲಾಖಾ ಪರೀಕ್ಷೆ, ಖಾಲಿ ಹುದ್ದೆ ಇವುಗಳ ಲೆಕ್ಕ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಸರದಿ ಬಂದಿದೆ ಎಂಬುದು ಗೊತ್ತಿರುವವರ ಮುಂದೆ ಪ್ರತಿಭೆಯ ಮಾತಾಡಿದರೆ ಅದು ಬಾಯಿಮಾತಾಗುತ್ತದೆ. ಹಾಗೆಂದು ಹೊಗಳಲು ಏನೂ ಇಲ್ಲವೆಂದಲ್ಲ. ‘ಆಕೆ ಮಾಡಿದ ಕೆಲಸಗಳಲ್ಲಿ ನಿಮಗೆ ನೆನಪಿರುವುದು ಯಾವುದು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪಹಣಿ ತಿದ್ದುಪಡಿಯ ಹಳೆಯ ಕಡತಗಳ ಸಂಗತಿ ಹೇಳಿದರು. ಯಾರೂ ಹೇಳದಿದ್ದರೂ ಆಕೆ ಅವನ್ನು ಹೋಬಳಿವಾರು ಜೋಡಿಸಿ, ಒಂದು ವಹಿಯಲ್ಲಿ ಪಟ್ಟಿ ಬರೆದಿಟ್ಟಿದ್ದರಂತೆ. ಅದಾದ ಮೇಲೆ ಅರ್ಜಿದಾರರನ್ನು ‘ನಾಳೆ ಬನ್ನಿ’ ಎಂದು ವಾಪಸ್ ಕಳಿಸುವುದು ತೀರಾ ಕಡಿಮೆಯಾಯಿತಂತೆ. ಸಂದೇಶದಲ್ಲಿ ಇರಬೇಕಾದದ್ದು ಇದೇ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದರು.

‘ನನ್ನ ಕೈಕೆಳಗೆ ಕಲಿತವರು’ ಎಂಬ ಸಾಲನ್ನು ಹೊಡೆದುಹಾಕಿದೆ. ಆಕೆಯ ಸಂತೋಷದ ದಿನ ಅದು ಹಿರಿಯರ ಹೆಗ್ಗಳಿಕೆಯಾಗುತ್ತದೆ. ‘ಎಚ್ಚರಿಕೆಯಿಂದ ಕೆಲಸ ಮಾಡು’ ಎಂಬುದು ಅಂದಿನ ಮಾತಲ್ಲ, ಓದಿದವರಿಗೆ ಇಷ್ಟು ದಿನ ಎಚ್ಚರಿಕೆ ಸಾಲದಾಗಿತ್ತೇ ಎನ್ನಿಸುತ್ತದೆ. ಕಾಳಜಿಯಿದ್ದರೆ ಸಹಾಯಕ್ಕೆ ಸಿಗುತ್ತೇನೆಂದು ಹೇಳಬಹುದು. ಪಾರ್ಟಿಯ ಮಾತು ಸಮವಯಸ್ಕರು ಆಡಿದರೆ ಸಲುಗೆ, ಮೇಲಿನವರು ಆಡಿದರೆ ಕಿರಿಯರಿಗೆ ಖರ್ಚಿನ ಚಿಂತೆ. ಅದನ್ನೂ ತೆಗೆದೆ.

ಕೊನೆಗೆ ಉಳಿದದ್ದು ಇಷ್ಟು. ಮೊದಲಲ್ಲಿದ್ದ ಆಕೆಯ ಹೆಸರನ್ನು ಮಾತ್ರ ಇಲ್ಲಿ ಬಿಟ್ಟಿದ್ದೇನೆ:

‘ಆದೇಶದಲ್ಲಿ ನಿಮ್ಮ ಹೆಸರು ನೋಡಿ ತುಂಬಾ ಸಂತೋಷವಾಯಿತು. ಹೃತ್ಪೂರ್ವಕ ಅಭಿನಂದನೆಗಳು. ಪಹಣಿ ತಿದ್ದುಪಡಿಯ ಕಡತಗಳಿಗೆ ನೀವು ಬರೆದಿಟ್ಟ ವಹಿಯನ್ನು ಇವತ್ತೂ ಬೆಳಿಗ್ಗೆ ತೆರೆದೆ. ಯಾರೂ ಹೇಳದೆ ನೀವು ಮಾಡಿದ ಆ ಕೆಲಸದಿಂದ ಎಷ್ಟೋ ರೈತರಿಗೆ ಓಡಾಟ ತಪ್ಪಿದೆ. ಆಗಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಹೊಸ ಜಾಗದಲ್ಲಿ ನಿಮಗೆ ಒಳ್ಳೆಯದಾಗಲಿ. ಏನಾದರೂ ಕೇಳಬೇಕೆನಿಸಿದರೆ ಸಂಕೋಚವಿಲ್ಲದೆ ಫೋನ್ ಮಾಡಿ.’

ಇದನ್ನು ಕಚೇರಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ ಎಂದೂ ಹೇಳಿದೆ. ಅದೇ ಆದೇಶದಲ್ಲಿ ಹೆಸರು ಬಾರದೆ ಬೇಸರದಲ್ಲಿರುವವರೂ ಆ ಗುಂಪಿನಲ್ಲಿರುತ್ತಾರೆ. ಗುಂಪಿನಲ್ಲಿ ಹೆಸರಿನ ಜೊತೆ ‘ಅಭಿನಂದನೆಗಳು’ ಎಂಬ ಒಂದು ಮಾತು ಸಾಕು, ಈ ಸಂದೇಶ ಆಕೆಗೆ ಮಾತ್ರ ಹೋಗಲಿ ಎಂದೆ. ಅವರು ಹಾಗೆಯೇ ಮಾಡಿದರು. ರಾತ್ರಿ ಆಕೆಯಿಂದ ಬಂದ ಉತ್ತರವನ್ನು ನನಗೂ ತೋರಿಸಿದರು: ‘ಸರ್, ಆ ವಹಿಯನ್ನು ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದೆ.’